ಕ್ಲೇಮಿಗೆ ಎಷ್ಟು, ಖರ್ಚಿಗೆ ಎಷ್ಟು: ಚಿಕ್ಕ ವಿಮಾ ಕಂಪನಿಯ ಲೆಕ್ಕ ಓದುವ ಬಗೆ

ಯಾವ ಅಪಾಯವನ್ನು ಎಷ್ಟು ದರಕ್ಕೆ ಹೊತ್ತುಕೊಳ್ಳಬೇಕು ಎಂದು ತೀರ್ಮಾನಿಸುವ ಕೆಲಸಕ್ಕೆ ವಿಮಾ ವಲಯದಲ್ಲಿ ಅಂಡರ್‌ರೈಟಿಂಗ್ ಎನ್ನುತ್ತಾರೆ. ವಾಹನ, ಆರೋಗ್ಯ, ಬೆಂಕಿ ಮುಂತಾದ ವಿಮೆ ಮಾರುವ ಸಾಮಾನ್ಯ ವಿಮಾ ಕಂಪನಿ ಈ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದೆ ಎಂದು ತಿಳಿಯಲು ಮೊದಲು ನೋಡುವುದು ಎರಡು ಅನುಪಾತಗಳನ್ನು. ಗಳಿಸಿದ ಪ್ರೀಮಿಯಂನಲ್ಲಿ ಎಷ್ಟು ಪಾಲು ಕ್ಲೇಮುಗಳಿಗೆ ಹೋಯಿತು ಎಂಬುದನ್ನು ಕ್ಲೇಮ್ ಅನುಪಾತ ಹೇಳುತ್ತದೆ. ಅದಕ್ಕೆ ಕಮಿಷನ್ ಮತ್ತು ಆಡಳಿತ ವೆಚ್ಚದ ಪಾಲನ್ನೂ ಕೂಡಿಸಿದರೆ ಸಂಯುಕ್ತ ಅನುಪಾತ ಬರುತ್ತದೆ. ಅದು ನೂರಕ್ಕಿಂತ ಕೆಳಗಿದ್ದರೆ ವಿಮೆಯ ವ್ಯವಹಾರದಲ್ಲೇ ಲಾಭ, ಮೇಲಿದ್ದರೆ ನಷ್ಟ.

ಜಾಹೀರಾತುಗಳಲ್ಲಿ ಕಾಣುವ ಕ್ಲೇಮ್ ಸೆಟಲ್‌ಮೆಂಟ್ ಅನುಪಾತ ಬೇರೆಯದು. ಬಂದ ನೂರು ಕ್ಲೇಮುಗಳಲ್ಲಿ ಎಷ್ಟನ್ನು ಇತ್ಯರ್ಥ ಮಾಡಿದರು ಎಂಬ ಎಣಿಕೆ ಅದು. ಅಂಡರ್‌ರೈಟಿಂಗ್ ಬಗ್ಗೆ ಅದು ಏನನ್ನೂ ತಿಳಿಸುವುದಿಲ್ಲ. ಬೇಕಾದ ಅಂಕಿಗಳು ಕಂಪನಿಯ ಜಾಲತಾಣದಲ್ಲೇ ಇರುತ್ತವೆ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ನಿಯಮದಂತೆ ಪ್ರತಿ ತ್ರೈಮಾಸಿಕದಲ್ಲೂ ‘ಎನ್‌ಎಲ್’ ಎಂದು ಶುರುವಾಗುವ ನಮೂನೆಗಳಲ್ಲಿ ಅವನ್ನು ಪ್ರಕಟಿಸಬೇಕು.

ಲೆಕ್ಕಕ್ಕಿಳಿಯುವ ಮುನ್ನ ಎರಡು ಮಾತು ಸ್ಪಷ್ಟವಾಗಬೇಕು. ಜನವರಿ 1ರಂದು ₹12,000 ಕಟ್ಟಿ ಒಬ್ಬರು ಒಂದು ವರ್ಷದ ಪಾಲಿಸಿ ಕೊಂಡರೆ, ಮಾರ್ಚ್ 31ರ ಹೊತ್ತಿಗೆ ಕಂಪನಿ ಗಳಿಸಿದ್ದು ಸುಮಾರು ₹3,000 ಮಾತ್ರ. ಉಳಿದ ಹಣ ಮುಂದಿನ ಒಂಬತ್ತು ತಿಂಗಳ ಅಪಾಯಕ್ಕೆ ಸೇರಿದ್ದು, ಅದನ್ನು ಮೀಸಲಿನಲ್ಲಿ ಇಡಬೇಕು. ಹಾಗೆಯೇ, ಕಂಪನಿ ತನ್ನ ಅಪಾಯದ ಒಂದು ಭಾಗವನ್ನು ಮರುವಿಮಾ ಕಂಪನಿಗಳಿಗೆ ದಾಟಿಸಿ, ಅದಕ್ಕೆ ತಕ್ಕ ಪ್ರೀಮಿಯಂ ಬಿಟ್ಟುಕೊಡುತ್ತದೆ. ಅದನ್ನು ಕಳೆದು ಉಳಿಯುವುದು ನಿವ್ವಳ ಪ್ರೀಮಿಯಂ.

ಉದಾಹರಣೆಗೆ ಒಂದು ಚಿಕ್ಕ ಕಂಪನಿಯನ್ನು ಊಹಿಸಿಕೊಳ್ಳೋಣ. ವರ್ಷದಲ್ಲಿ ಅದು ಮಾರಿದ ಪಾಲಿಸಿಗಳ ಪ್ರೀಮಿಯಂ ₹500 ಕೋಟಿ. ಮರುವಿಮೆಗೆ ಹೋದದ್ದು ₹150 ಕೋಟಿ, ಆದ್ದರಿಂದ ನಿವ್ವಳ ಪ್ರೀಮಿಯಂ ₹350 ಕೋಟಿ. ವ್ಯವಹಾರ ಬೆಳೆಯುತ್ತಿರುವ ಕಾರಣ ಇನ್ನೂ ಗಳಿಸದ ಪ್ರೀಮಿಯಂನ ಮೀಸಲು ₹50 ಕೋಟಿ ಹೆಚ್ಚಾಗಿದೆ. ಅಲ್ಲಿಗೆ ಗಳಿಸಿದ ನಿವ್ವಳ ಪ್ರೀಮಿಯಂ ₹300 ಕೋಟಿ.

ಈಗ ಕ್ಲೇಮು. ವರ್ಷದಲ್ಲಿ ಕೈಯಿಂದ ಕೊಟ್ಟದ್ದು ₹160 ಕೋಟಿ. ಆದರೆ ಕೊಟ್ಟ ಹಣವಷ್ಟೇ ಕ್ಲೇಮಿನ ವೆಚ್ಚವಲ್ಲ. ಆಗಿಹೋದ ಅಪಘಾತ, ಕಾಯಿಲೆಗಳಿಗೆ ಇನ್ನೂ ಕೊಡಬೇಕಾದ ಹಣವನ್ನೂ ಅಂದಾಜು ಮಾಡಿ ಸೇರಿಸಬೇಕು. ಇಂಥ ಬಾಕಿಯ ಅಂದಾಜು ವರ್ಷದ ಆರಂಭದಲ್ಲಿ ₹180 ಕೋಟಿ ಇದ್ದದ್ದು ಕೊನೆಗೆ ₹245 ಕೋಟಿಗೆ ಏರಿದೆ. ಹೆಚ್ಚಿದ ₹65 ಕೋಟಿಯನ್ನು ₹160 ಕೋಟಿಗೆ ಸೇರಿಸಿದರೆ ವರ್ಷದ ಕ್ಲೇಮಿನ ಹೊರೆ ₹225 ಕೋಟಿ. ಅದನ್ನು ₹300 ಕೋಟಿಯಿಂದ ಭಾಗಿಸಿದರೆ ಕ್ಲೇಮ್ ಅನುಪಾತ ಶೇ 75.

ಆಡಳಿತ ವೆಚ್ಚ ₹88 ಕೋಟಿ. ಏಜೆಂಟರು ಮತ್ತು ಬ್ರೋಕರುಗಳಿಗೆ ಕೊಟ್ಟ ಕಮಿಷನ್ ₹60 ಕೋಟಿ. ಅದರಲ್ಲಿ ಮರುವಿಮಾ ಕಂಪನಿಗಳು ಕಮಿಷನ್ ಆಗಿ ಮರಳಿಸಿದ ₹29 ಕೋಟಿ ಕಳೆದರೆ ₹31 ಕೋಟಿ. ಎರಡೂ ಸೇರಿ ₹119 ಕೋಟಿ. ಪಾಲಿಸಿ ಮಾರಿದ ದಿನವೇ ಈ ಖರ್ಚಿನ ಬಹುಪಾಲು ಆಗಿಹೋಗುವುದರಿಂದ ಇದನ್ನು ಗಳಿಸಿದ ಪ್ರೀಮಿಯಂನ ಬದಲು ಬರೆದ ನಿವ್ವಳ ಪ್ರೀಮಿಯಂ ₹350 ಕೋಟಿಯಿಂದ ಭಾಗಿಸುವುದು ರೂಢಿ. ಅದು ಶೇ 34. ಸಂಯುಕ್ತ ಅನುಪಾತ 75 ಮತ್ತು 34 ಸೇರಿ ಶೇ 109.

ಇಲ್ಲಿ ಸ್ವಲ್ಪ ನಿಲ್ಲಬೇಕು. ಶೇ 109 ಎಂದಾಗ ನೂರು ರೂಪಾಯಿಗೆ ಒಂಬತ್ತು ರೂಪಾಯಿ ನಷ್ಟ ಎಂದು ಅನಿಸುತ್ತದೆ. ಆದರೆ ಲೆಕ್ಕಪತ್ರದಲ್ಲಿ ಗಳಿಸಿದ ₹300 ಕೋಟಿಯಿಂದ ₹225 ಕೋಟಿ, ₹119 ಕೋಟಿ ಎರಡನ್ನೂ ಕಳೆದರೆ ನಷ್ಟ ₹44 ಕೋಟಿ, ಅಂದರೆ ಹತ್ತಿರ ಹತ್ತಿರ ಶೇ 15. ಎರಡು ಪಾಲುಗಳನ್ನು ಬೇರೆ ಬೇರೆ ಮೊತ್ತದಿಂದ ಭಾಗಿಸಿದ್ದೇ ಈ ಅಂತರಕ್ಕೆ ಕಾರಣ. ಕಂಪನಿ ವೇಗವಾಗಿ ಬೆಳೆದಷ್ಟೂ ಅಂತರ ಹಿಗ್ಗುತ್ತದೆ. ಆದ್ದರಿಂದ ಎರಡು ಕಂಪನಿಗಳನ್ನು ಹೋಲಿಸುವಾಗ ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ ಎಂದು ನೋಡಿಕೊಳ್ಳದೆ ಅಂಕಿಗಳನ್ನು ಪಕ್ಕಪಕ್ಕ ಇಡಬಾರದು.

ಶೇ 75 ಎಂಬ ಒಂದೇ ಅಂಕಿಯ ಒಳಗೆ ನಾಲ್ಕು ಬೇರೆ ಬೇರೆ ವ್ಯಾಪಾರಗಳಿವೆ. ನಮ್ಮ ಕಂಪನಿಯಲ್ಲಿ ಬೆಂಕಿ ವಿಮೆಯ ಅನುಪಾತ ಶೇ 45, ವಾಹನದ ಸ್ವಂತ ಹಾನಿಯದ್ದು ಶೇ 67, ಥರ್ಡ್ ಪಾರ್ಟಿಯದ್ದು ಶೇ 80, ಆರೋಗ್ಯದ್ದು ಶೇ 85 ಎಂದುಕೊಳ್ಳೋಣ. ಆರೋಗ್ಯ ವಿಮೆಯೇ ಎಲ್ಲಕ್ಕಿಂತ ಕೆಟ್ಟದಾಗಿ ಕಂಡರೂ ನಂಬಲು ಸುಲಭವಾದ ಅಂಕಿ ಅದೇ. ಆಸ್ಪತ್ರೆಯ ಬಿಲ್ಲು ಕೆಲವೇ ವಾರಗಳಲ್ಲಿ ತೀರುತ್ತದೆ. ದರ ಸಾಲದಿದ್ದರೆ ವರ್ಷದೊಳಗೆ ಗೊತ್ತಾಗುತ್ತದೆ. ನಿಜವಾಗಿ ಅನುಮಾನಿಸಬೇಕಾದದ್ದು ಥರ್ಡ್ ಪಾರ್ಟಿಯ ಶೇ 80.

ರಸ್ತೆಯಲ್ಲಿ ಸತ್ತ ಅಥವಾ ಗಾಯಗೊಂಡ ಇತರರಿಗೆ ಕೊಡುವ ಪರಿಹಾರ ಇದು. ಮೊತ್ತವನ್ನು ನಿರ್ಧರಿಸುವುದು ಮೋಟಾರು ಅಪಘಾತ ಕ್ಲೇಮುಗಳ ನ್ಯಾಯಮಂಡಳಿ. ಅಲ್ಲಿಂದ ಹೈಕೋರ್ಟಿಗೆ ಮೇಲ್ಮನವಿ ಹೋದರೆ ಹಲವು ವರ್ಷ ಹಿಡಿಯುತ್ತದೆ. ಪ್ರೀಮಿಯಂ ದರವನ್ನು ನಿಗದಿ ಮಾಡುವುದು ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1,000ದಿಂದ 1,500 ಸಿಸಿಯ ಖಾಸಗಿ ಕಾರಿಗೆ ವರ್ಷಕ್ಕೆ ₹3,416. ಹೀಗೆ ದರ ಕಂಪನಿಯ ಕೈಯಲ್ಲಿಲ್ಲ, ಸಾವು ಮತ್ತು ಗಾಯದ ಪರಿಹಾರಕ್ಕೆ ಮೇಲ್ಮಿತಿಯೂ ಇಲ್ಲ.

ಅಂದಾಜು ಹೇಗೆ ತಪ್ಪುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಬಹುದು. ತಿಂಗಳಿಗೆ ₹15,000 ದುಡಿಯುತ್ತಿದ್ದ, ನಾಲ್ವರು ಅವಲಂಬಿತರಿದ್ದ, 35 ವರ್ಷದ ಸ್ವಂತ ಉದ್ಯೋಗಿಯೊಬ್ಬರು ಅಪಘಾತದಲ್ಲಿ ತೀರಿಕೊಂಡರು ಎನ್ನೋಣ. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲಿ ಹಾಕಿಕೊಟ್ಟ ಕ್ರಮದಂತೆ, ವಾರ್ಷಿಕ ಆದಾಯ ₹1.8 ಲಕ್ಷದಲ್ಲಿ ಅವರ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಭಾಗ ಕಳೆದು, ಆ ವಯಸ್ಸಿನ ಗುಣಕ 16ರಿಂದ ಗುಣಿಸಿದರೆ ₹21.6 ಲಕ್ಷ. ಸ್ವಂತ ಉದ್ಯೋಗಿಗಳ ಆದಾಯಕ್ಕೆ ಮುಂದಿನ ಏಳಿಗೆಯ ಲೆಕ್ಕದಲ್ಲಿ ಏನಾದರೂ ಸೇರಿಸಬೇಕೇ ಎಂಬ ಬಗ್ಗೆ ಆಗ ಒಮ್ಮತವಿರಲಿಲ್ಲ. 2017ರ ಅಕ್ಟೋಬರ್ 31ರಂದು ಪ್ರಣಯ್ ಸೇಠಿ ಪ್ರಕರಣದ ತೀರ್ಪು ಬಂತು. 40 ವರ್ಷದೊಳಗಿನ ಸ್ವಂತ ಉದ್ಯೋಗಿಗಳ ಆದಾಯಕ್ಕೆ ಶೇ 40 ಸೇರಿಸಬೇಕು ಎಂದಾಯಿತು. ಅದೇ ಲೆಕ್ಕ ₹30.24 ಲಕ್ಷಕ್ಕೆ ಏರಿತು. ಹಳೆಯ ಮೊತ್ತವನ್ನೇ ಮೀಸಲಿಟ್ಟು ಕೂತಿದ್ದ ಕಂಪನಿಗೆ ಇಂಥ ಒಂದೊಂದು ಕಡತದಲ್ಲೂ ₹8 ಲಕ್ಷಕ್ಕೂ ಹೆಚ್ಚು ಕೊರತೆ. ಸತ್ತವರ ಮನೆಯವರಿಗೆ ಅದು ನ್ಯಾಯವಾಗಿ ಸೇರಬೇಕಾದ ಹಣ. ತಪ್ಪಿದ್ದು ಮೀಸಲಿನ ಅಂದಾಜು.

ನಮ್ಮ ಕಂಪನಿಯ ಥರ್ಡ್ ಪಾರ್ಟಿ ವಿಭಾಗ ಗಳಿಸಿದ ಪ್ರೀಮಿಯಂ ₹110 ಕೋಟಿ, ತೋರಿಸಿದ ಕ್ಲೇಮು ₹88 ಕೋಟಿ. ಆದರೆ ಆ ವರ್ಷ ನಿಜಕ್ಕೂ ಕೊಟ್ಟದ್ದು ಅದರಲ್ಲಿ ಚಿಕ್ಕ ಪಾಲು, ಉಳಿದದ್ದು ಅಂದಾಜು. ಆಗಿದ್ದರೂ ಇನ್ನೂ ಕಂಪನಿಯ ಗಮನಕ್ಕೇ ಬಾರದ ಅಪಘಾತಗಳಿಗೂ ಆಕ್ಚುಯರಿ ಮೀಸಲು ಇಡಿಸಿರುತ್ತಾರೆ. ಈ ವಿಭಾಗದ ಅಂತಿಮ ಅನುಪಾತ ಶೇ 80ರ ಬದಲು 95 ಆಗುತ್ತದೆ ಎಂದು ಆಕ್ಚುಯರಿ ಬಗೆದರೆ ಹೊರೆ ₹16.5 ಕೋಟಿ ಹೆಚ್ಚುತ್ತದೆ. ಇಡೀ ಕಂಪನಿಯ ಸಂಯುಕ್ತ ಅನುಪಾತ 109ರಿಂದ 114.5ಕ್ಕೆ ಜಿಗಿಯುತ್ತದೆ. ಒಂದು ಪಾಲಿಸಿಯೂ ಹೆಚ್ಚು ಮಾರಿಲ್ಲ, ಒಂದು ಅಪಘಾತವೂ ಹೆಚ್ಚಾಗಿಲ್ಲ. ಆಸ್ಟ್ರೇಲಿಯಾದ ಎಚ್‌ಐಎಚ್ ವಿಮಾ ಕಂಪನಿ 2001ರಲ್ಲಿ ಕುಸಿದಾಗ ವಿಚಾರಣಾ ಆಯೋಗ ಬೊಟ್ಟು ಮಾಡಿದ ಮುಖ್ಯ ಕಾರಣಗಳಲ್ಲಿ ಒಂದು, ಹೀಗೆ ಕಡಿಮೆ ಇಟ್ಟ ಮೀಸಲು.

ಮೀಸಲು ಸಾಲುತ್ತಿದೆಯೇ ಎಂದು ಹೊರಗಿನವರು ಪರೀಕ್ಷಿಸಲು ಹಳೆಯ ಅಂದಾಜು ಏನಾಯಿತು ಎಂದು ಹಿಂಬಾಲಿಸಬೇಕು. ವರ್ಷದ ಆರಂಭದಲ್ಲಿದ್ದ ₹180 ಕೋಟಿಯ ಬಾಕಿಗೆ ಸಂಬಂಧಿಸಿದಂತೆ ಈ ವರ್ಷ ₹70 ಕೋಟಿ ಕೊಟ್ಟಿದ್ದಾರೆ. ಅದೇ ಹಳೆಯ ಕ್ಲೇಮುಗಳಿಗೆ ಇನ್ನೂ ₹135 ಕೋಟಿ ಬೇಕು ಎಂದು ತೋರಿಸಿದ್ದಾರೆ ಎನ್ನೋಣ. ಒಟ್ಟು ₹205 ಕೋಟಿ. ಅಂದರೆ ಹಿಂದಿನ ಅಂದಾಜಿಗೆ ₹25 ಕೋಟಿ, ಸುಮಾರು ಶೇ 14 ಕಡಿಮೆ ಬಿದ್ದಿತ್ತು. ಆಗ ಈ ವರ್ಷದ್ದೇ ಘಟನೆಗಳ ಹೊರೆ 225ರಲ್ಲಿ 25 ಕಳೆದು ₹200 ಕೋಟಿ, ಅನುಪಾತ ಶೇ 67 ಎಂದು ಆಡಳಿತ ಮಂಡಳಿ ಹೇಳಿಕೊಳ್ಳಬಹುದು. ‘ದರ ಸುಧಾರಿಸಿದೆ, ಹಳೆಯ ಹೊರೆ ಮಾತ್ರ ಕಾಡುತ್ತಿದೆ’ ಎನ್ನಬಹುದು. ಆ ಮಾತನ್ನು ಒಪ್ಪುವ ಮುನ್ನ ಕೇಳಬೇಕಾದ ಪ್ರಶ್ನೆ, ಈ ವರ್ಷದ ಅಂದಾಜನ್ನೂ ಅದೇ ಕೈಗಳೇ ಮಾಡಿಲ್ಲವೇ ಎಂಬುದು. ಒಂದು ವರ್ಷ ಕೊರತೆ ಬಿದ್ದರೆ ಅದು ಆಕಸ್ಮಿಕವಿರಬಹುದು. ಮೂರು ವರ್ಷ ಒಂದೇ ದಿಕ್ಕಿನಲ್ಲಿ ಬಿದ್ದರೆ ಪ್ರಕಟವಾದ ಕ್ಲೇಮ್ ಅನುಪಾತಕ್ಕೆ ಓದುಗರೇ ಕೆಲವು ಅಂಶ ಸೇರಿಸಿಕೊಂಡು ಓದುವುದು ಒಳ್ಳೆಯದು. ಐಸಿಐಸಿಐ ಲೊಂಬಾರ್ಡ್‌ನಂಥ ಕಂಪನಿ ಹೀಗೆ ವರ್ಷವಾರು ಅಂದಾಜುಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಚಿಕ್ಕ ಕಂಪನಿಗಳೂ ಅದನ್ನು ರೂಢಿಸಿಕೊಂಡರೆ ಓದುಗರ ಕೆಲಸ ಹಗುರವಾಗುತ್ತದೆ.

ಬೆಂಕಿ ವಿಮೆಯ ಶೇ 45 ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸಬಹುದು. ಚಿಕ್ಕ ಕಂಪನಿ ಕಾರ್ಖಾನೆ, ಗೋದಾಮುಗಳ ಅಪಾಯದ ಬಹುಭಾಗವನ್ನು ಮರುವಿಮೆಗೆ ದಾಟಿಸಿರುತ್ತದೆ. ಮರುವಿಮೆ ಕಳೆಯುವ ಮುನ್ನ ಅನುಪಾತ ಶೇ 120 ಇದ್ದರೆ, ನಿವ್ವಳ ಲೆಕ್ಕದ ಅಂದವೆಲ್ಲ ಮರುವಿಮಾದಾರರು ನುಂಗಿಕೊಂಡ ನಷ್ಟದ ಫಲ. ಮುಂದಿನ ಏಪ್ರಿಲ್ 1ರಂದು ಒಪ್ಪಂದ ನವೀಕರಿಸುವಾಗ ಅವರು ಕಮಿಷನ್ ಇಳಿಸುತ್ತಾರೆ. ₹29 ಕೋಟಿಯ ಜಾಗದಲ್ಲಿ ₹15 ಕೋಟಿಯಷ್ಟೇ ಬಂದರೆ ನಮ್ಮ ಕಂಪನಿಯ ಸಂಯುಕ್ತ ಅನುಪಾತ ಶೇ 109ರಿಂದ 113ಕ್ಕೆ ಏರುತ್ತದೆ. ಬೆಂಕಿಯಲ್ಲಾದ ನಷ್ಟ ಹೀಗೆ ಒಂದು ವರ್ಷ ತಡವಾಗಿ, ಕ್ಲೇಮಿನ ಸಾಲಿನಲ್ಲಿ ಕಾಣದೆ ಕಮಿಷನ್ ಸಾಲಿನಲ್ಲಿ ಬಂದು ಕೂರುತ್ತದೆ.

ಗಾತ್ರ ಚಿಕ್ಕದಾದಷ್ಟೂ ಅನುಪಾತ ಹೊಯ್ದಾಡುತ್ತದೆ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದವು. ಅಂಥ ಒಂದು ಘಟನೆಯಲ್ಲಿ ಮರುವಿಮೆ ಕಳೆದು ಕಂಪನಿಯ ಪಾಲಿಗೆ ₹5 ಕೋಟಿ ಬಂದರೆ, ₹300 ಕೋಟಿ ಗಳಿಸುವ ಕಂಪನಿಯ ಅನುಪಾತ 1.7 ಅಂಶ ಏರುತ್ತದೆ. ₹10,000 ಕೋಟಿಯ ಕಂಪನಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಚಿಕ್ಕ ಕಂಪನಿಯನ್ನು ಒಂದು ತ್ರೈಮಾಸಿಕದಿಂದ ಅಳೆಯಬಾರದು. ಮೂರರಿಂದ ಐದು ವರ್ಷದ ಕ್ಲೇಮುಗಳನ್ನು ಕೂಡಿಸಿ, ಅಷ್ಟೇ ವರ್ಷದ ಗಳಿಸಿದ ಪ್ರೀಮಿಯಂನಿಂದ ಭಾಗಿಸಿದರೆ ಚಿತ್ರ ತಿಳಿಯಾಗುತ್ತದೆ.

ಶೇ 109 ಇದ್ದೂ ಕಂಪನಿ ನಡೆಯುತ್ತದೆ. ಕ್ಲೇಮು ಕೊಡುವವರೆಗೆ ಕೈಯಲ್ಲಿರುವ ಹಣ ಬಡ್ಡಿ ತರುತ್ತದೆ. ₹600 ಕೋಟಿಯ ಹೂಡಿಕೆಗೆ ಶೇ 7ರಂತೆ ₹42 ಕೋಟಿ ಬಂದರೆ ₹44 ಕೋಟಿಯ ನಷ್ಟ ಹೆಚ್ಚುಕಡಿಮೆ ತುಂಬುತ್ತದೆ. ಆದರೆ ಮೀಸಲು ₹16.5 ಕೋಟಿ ಸಾಲದೆ ಹೋದರೆ ಅದು ಬಂಡವಾಳದಿಂದಲೇ ಹೋಗಬೇಕು. ಐಆರ್‌ಡಿಎಐ ಪ್ರಕಾರ ಸಾಲ್ವೆನ್ಸಿ ಅನುಪಾತ 1.5ಕ್ಕಿಂತ ಇಳಿಯುವಂತಿಲ್ಲ. ಅದರ ಹತ್ತಿರ ಬಂದ ಕಂಪನಿ ಹೊಸ ಬಂಡವಾಳ ತರಬೇಕು, ಇಲ್ಲವೇ ಹೊಸ ವ್ಯವಹಾರ ತಗ್ಗಿಸಬೇಕು. ವ್ಯವಹಾರ ತಗ್ಗಿಸಿದರೂ ಕಚೇರಿ ಬಾಡಿಗೆ, ಸಂಬಳ, ಸಾಫ್ಟ್‌ವೇರ್ ಸೇರಿದ ₹88 ಕೋಟಿ ಅಷ್ಟು ಬೇಗ ತಗ್ಗುವುದಿಲ್ಲ. ಆಗ ಪ್ರೀಮಿಯಂನಲ್ಲಿ ವೆಚ್ಚದ ಪಾಲು ಶೇ 34ನ್ನು ದಾಟಿ, ಕ್ಲೇಮ್ ಅನುಪಾತ ಇದ್ದಲ್ಲೇ ಇದ್ದರೂ ಸಂಯುಕ್ತ ಅನುಪಾತ ಇನ್ನಷ್ಟು ಮೇಲೇರುತ್ತದೆ.