ಸಂಕ್ಷೇಪ ಲೇಖನಕ್ಕೆ ಅಂಕ: ಪದ ಎಣಿಸುವ ಮುನ್ನ ನೋಡಬೇಕಾದುದು

ಗದ್ಯಭಾಗವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ ಬರೆಯುವ ಪ್ರಶ್ನೆಗೆ ಮಗುವಿಗೆ ಅಂಕ ಏಕೆ ಕಡಿಮೆಯಾಯಿತೆಂದು ಪೋಷಕರು ಕೇಳುವುದುಂಟು. ಪದಮಿತಿ ಸರಿಯಾಗಿದ್ದರೂ ಅಂಕ ಹೋಗುವುದೇ ಅವರ ಗೊಂದಲಕ್ಕೆ ಕಾರಣ. ಸಾನಮಾವಿನ ಮಕ್ಕಳಿಗೆ ಪರಿಚಿತವಾದ ವಿಷಯದ ಮೇಲೆ ನಾನೇ ರಚಿಸಿದ ಈ ಭಾಗವನ್ನು ನೋಡಿ:

"ಮಳೆಗಾಲ ಮುಗಿದು ರಾಗಿ ತೆನೆಗಟ್ಟುವ ಕಾಲಕ್ಕೆ ಜವಳಗಿರಿ ಕಡೆಯಿಂದ ಆನೆಗಳ ಹಿಂಡು ಸಾನಮಾವು ಕಾಡಿಗೆ ಬರುತ್ತದೆ. ಹಗಲೆಲ್ಲ ಕಾಡಿನಲ್ಲಿದ್ದು ರಾತ್ರಿ ಹೊಲಗಳಿಗೆ ಇಳಿಯುತ್ತದೆ. ರೈತರು ತಮಟೆ ಬಡಿದು, ಪಟಾಕಿ ಸಿಡಿಸಿ ಓಡಿಸಲು ನೋಡುತ್ತಾರೆ. ಆದರೆ ಬೆದರಿದ ಹಿಂಡು ಚದುರಿದರೆ ಒಂಟಿ ಆನೆ ಊರೊಳಗೆ ನುಗ್ಗುವ ಅಪಾಯವಿದೆ. ಆದ್ದರಿಂದ ಹಿಂಡನ್ನು ಚದುರಿಸದೆ ಒಟ್ಟಾಗಿ ಕಾಡಿನತ್ತ ತಿರುಗಿಸಬೇಕು."

ಇದರಲ್ಲಿ 39 ಪದಗಳಿವೆ. ಉತ್ತರ 13 ಪದಗಳಷ್ಟಿರಬೇಕು. ಉತ್ತರ ಪತ್ರಿಕೆಯನ್ನು ತೆರೆಯುವ ಮೊದಲೇ ಮೌಲ್ಯಮಾಪಕರು ಉಳಿಯಲೇಬೇಕಾದ ಅಂಶಗಳನ್ನು ಬರೆದಿಟ್ಟುಕೊಳ್ಳಬೇಕು. ಇಲ್ಲವಾದರೆ ಮೊದಲು ಓದಿದ ಅಚ್ಚುಕಟ್ಟಾದ ಅಕ್ಷರದ ಉತ್ತರವೇ ಅಳತೆಗೋಲಾಗಿಬಿಡುತ್ತದೆ. ಇಲ್ಲಿ ಅಂಶಗಳು ನಾಲ್ಕು: ರಾಗಿಯ ಕಾಲದಲ್ಲಿ ಹಿಂಡು ಬರುವುದು, ಬೆದರಿದರೆ ಚದುರುವುದು, ಆಗ ಒಂಟಿ ಆನೆಯಿಂದ ಊರಿಗೆ ಅಪಾಯ, ಹಿಂಡನ್ನು ಒಟ್ಟಾಗಿಯೇ ತಿರುಗಿಸಬೇಕೆಂಬುದು. ತಮಟೆ, ಪಟಾಕಿ ಬರಿಯ ವಿವರಗಳು, ಬಿಟ್ಟರೆ ನಷ್ಟವಿಲ್ಲ.

ಒಂದು ಉತ್ತರ ಹೀಗಿದೆಯೆನ್ನೋಣ: "ಸಾನಮಾವು ಕಾಡಿಗೆ ಆನೆಗಳು ಬರುತ್ತವೆ. ರಾತ್ರಿ ಹೊಲದ ರಾಗಿ ತಿನ್ನುತ್ತವೆ. ರೈತರು ತಮಟೆ, ಪಟಾಕಿಗಳಿಂದ ಅವುಗಳನ್ನು ಓಡಿಸುತ್ತಾರೆ." ಸರಿಯಾಗಿ 13 ಪದ. ಆದರೆ ಮೂಲದ "ಆದರೆ" ಎಂಬಲ್ಲಿಂದ ಮುಂದಿನದೆಲ್ಲ ಮಾಯವಾಗಿದೆ. ಮೂಲ ಎಚ್ಚರಿಸಿದ ಕ್ರಮವನ್ನೇ ಈ ಉತ್ತರ ಪರಿಹಾರವೆಂಬಂತೆ ಹೇಳಿ ಮುಗಿಸಿದೆ. ನಾಲ್ಕರಲ್ಲಿ ಒಂದಂಶವೂ ಪೂರ್ತಿಯಾಗಿ ದಕ್ಕಿಲ್ಲ. ಭಾಗದ ಮೊದಲರ್ಧವನ್ನಷ್ಟೇ ಚಿಕ್ಕದಾಗಿಸಿ ಮಿತಿ ಮುಗಿಯಿತೆಂದು ನಿಲ್ಲಿಸುವ ಮಕ್ಕಳಲ್ಲಿ ಈ ದೋಷ ಕಾಣುತ್ತದೆ.

ಇನ್ನೊಂದು: "ಸಾನಮಾವಿಗೆ ರಾಗಿಯ ಕಾಲದಲ್ಲಿ ಬರುವ ಆನೆಹಿಂಡು ಬೆದರಿ ಚದುರಿದರೆ ಒಂಟಿ ಆನೆ ಊರಿಗೆ ನುಗ್ಗೀತು, ಒಟ್ಟಾಗಿ ಕಾಡಿಗೆ ತಿರುಗಿಸಬೇಕು." ನಾಲ್ಕೂ ಅಂಶಗಳಿವೆ, ಕಾರಣ ಮತ್ತು ಪರಿಣಾಮದ ಕೊಂಡಿಯೂ ಉಳಿದಿದೆ. ಪದ ಮಾತ್ರ 14. ಇದಕ್ಕೆ ಅಂಕ ಕಡಿಯುವುದು ನನಗೆ ಒಪ್ಪಿತವಲ್ಲ. "ಒಂಟಿಯಾನೆ" ಎಂದು ಕೂಡಿಸಿ ಬರೆದಿದ್ದರೆ ಇದೇ ವಾಕ್ಯ 13 ಪದವಾಗುತ್ತಿತ್ತು! ಸಂಧಿ, ಸಮಾಸಗಳಿರುವ ನಮ್ಮ ಭಾಷೆಯಲ್ಲಿ ಪದಸಂಖ್ಯೆ ಅಷ್ಟು ಬಿಗಿಯಾದ ಅಳತೆಯಲ್ಲ. ಆದರೆ ಉತ್ತರ 20 ಪದಕ್ಕೆ ಹೋದರೆ ಅದು ಮೂಲದ ಅರ್ಧವನ್ನೇ ದಾಟುತ್ತದೆ. ಆಗ ಅಂಕ ಕಳೆಯುವುದು ನ್ಯಾಯ.

ಕೈಬರಹದಲ್ಲಿ ಪದಗಳ ನಡುವಿನ ಅಂತರ ಅಸ್ಪಷ್ಟವಾಗಿರುತ್ತದೆ, ಸಾಲಿನ ಕೊನೆಯಲ್ಲಿ ಒಂದೇ ಪದ ಎರಡಾಗಿ ಒಡೆಯುತ್ತದೆ. ಒಡೆದದ್ದನ್ನು ಒಂದೆಂದೇ ಎಣಿಸಬೇಕು, ಹೊಡೆದುಹಾಕಿದ್ದನ್ನು ಬಿಡಬೇಕು. ಮನೆಯಲ್ಲಿ ತಿದ್ದುವ ಪೋಷಕರು ಮೊದಲು ಅಂಶಗಳಿಗೆ ಗುರುತು ಹಾಕಿ, ಆಮೇಲೆ ಪೆನ್ಸಿಲಿನಿಂದ ಪ್ರತಿ ಹತ್ತನೆಯ ಪದದ ಬಳಿ ಗೆರೆಯೆಳೆದು ಎಣಿಸಲಿ.