ಮಂಗಳವಾರ ರಜೆ ಸರಿ, ಕೆಲಸ ಯಾವ ಶನಿವಾರ?

2025ರ ದೀಪಾವಳಿ ಕಾರ್ಖಾನೆಗಳವರಿಗೆ ಒಂದು ಸಣ್ಣ ತಲೆನೋವನ್ನೂ ತಂದಿತ್ತು. ಅಕ್ಟೋಬರ್ 20ರ ಸೋಮವಾರ ನರಕ ಚತುರ್ದಶಿ, 22ರ ಬುಧವಾರ ಬಲಿಪಾಡ್ಯಮಿ. ಎರಡಕ್ಕೂ ರಜೆ. ನಡುವಿನ ಮಂಗಳವಾರ ಮಾತ್ರ ಕೆಲಸದ ದಿನ. ಕಲಬುರಗಿಗೋ ಶಿರಸಿಗೋ ಹೋದವರು ಒಂದು ದಿನದ ಮಟ್ಟಿಗೆ ಬೆಂಗಳೂರಿಗೆ ಬಂದು ಮತ್ತೆ ಊರಿಗೆ ಹೋಗುವುದುಂಟೇ? ಅರ್ಧಕ್ಕರ್ಧ ಜನ ಬಾರದ ದಿನ ಮಷಿನ್ ಓಡಿಸುವುದಕ್ಕಿಂತ ಅಂದೂ ಬಾಗಿಲು ಹಾಕಿ, ಬೇರೊಂದು ದಿನ ಕೆಲಸ ಮಾಡಿಸಿಕೊಳ್ಳುವುದೇ ವಾಸಿ ಎಂದು ಯಾವ ಮಾಲೀಕನಿಗಾದರೂ ಅನ್ನಿಸುತ್ತದೆ.

ಉದಾಹರಣೆಗೆ ಪೀಣ್ಯದ ಕಡೆಯ ಒಂದು ಮಧ್ಯಮ ಗಾತ್ರದ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಮೂರು ಶಿಫ್ಟ್, ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಅಕ್ಟೋಬರ್ 8ರ ಸಂಜೆ ಮೀಟಿಂಗ್ ಮುಗಿಸಿ ಹೊರಬಂದ ಎಚ್‌ಆರ್‌ನವರು ನಿಂತಲ್ಲೇ ವಾಟ್ಸ್‌ಆ್ಯಪ್ ಗ್ರೂಪಿಗೆ ಹೀಗೆ ಹಾಕುತ್ತಾರೆ:

“ಎಲ್ಲರ ಗಮನಕ್ಕೆ. ದೀಪಾವಳಿಗೆ ಮಂಗಳವಾರನೂ ರಜಾ, ಸಾಹೇಬ್ರು ಒಪ್ಪಿದಾರೆ. ಬದಲಿಗೆ ಶನಿವಾರ ಎಲ್ರೂ ಬರ್ಬೇಕು. ಯಾರೂ ಲೀವ್ ಹಾಕ್ಬೇಡಿ. ಹ್ಯಾಪಿ ದೀಪಾವಳಿ.”

ಎರಡೇ ನಿಮಿಷದಲ್ಲಿ ಮೂವತ್ತು ಜನ ಹೆಬ್ಬೆರಳು ಎತ್ತುತ್ತಾರೆ. ಅದರರ್ಥ ರಜೆ ಸಿಕ್ಕಿದ್ದು ಖುಷಿಯಾಯಿತು ಎಂದಷ್ಟೇ. ಸಂದೇಶ ಅರ್ಥವಾಯಿತು ಎಂದಲ್ಲ.

ಬುಧವಾರ ಸಂಜೆ ಇದನ್ನು ಓದಿದವನಿಗೆ ‘ಶನಿವಾರ’ ಎಂದರೆ ಮೂರು ದಿನ ಕಳೆದು ಬರುವ 11ನೇ ತಾರೀಕು. ಅದು ಎರಡನೇ ಶನಿವಾರ, ಹೇಗೂ ರಜೆಯ ದಿನ, ಆದ್ದರಿಂದ ಅವನ ಊಹೆಯಲ್ಲಿ ತಪ್ಪಿಲ್ಲ. 18 ಮೂರನೇ ಶನಿವಾರ, ಅಂದು ಮೊದಲೇ ಕೆಲಸವಿದೆ. ಅದನ್ನು ಬದಲಿ ದಿನ ಎಂದರೆ ಏನೂ ಬದಲಾಗಲಿಲ್ಲ. ಸಾಹೇಬರ ಮನಸ್ಸಿನಲ್ಲಿ ಇದ್ದದ್ದು ನಾಲ್ಕನೇ ಶನಿವಾರ, ಅಂದರೆ 25. ಮೀಟಿಂಗಿನಲ್ಲಿ ಕೂತವರಿಗೆಲ್ಲ ಅದು ಗೊತ್ತಿತ್ತು, ಹಾಗಾಗಿ ತಾರೀಕು ಬರೆಯುವುದು ಯಾರಿಗೂ ಹೊಳೆಯಲಿಲ್ಲ. ಇಂಥ ಸಂದೇಶಗಳು ಕೈಕೊಡುವುದು ಹೆಚ್ಚಾಗಿ ಇಲ್ಲೇ.

ಇನ್ನೂ ಒಂದು ಶನಿವಾರವಿತ್ತು, ನವೆಂಬರ್ 1. ಆರ್ಡರ್ ಒತ್ತಡವಿದ್ದರೆ ಅದನ್ನೇ ಬದಲಿ ದಿನ ಮಾಡೋಣ ಎನ್ನುವವರೂ ಇರುತ್ತಾರೆ. ಅದು ಮಾತ್ರ ಅಷ್ಟು ಸುಲಭವಲ್ಲ. ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ಕರ್ನಾಟಕದಲ್ಲಿ 1963ರ ಒಂದು ಕಾಯ್ದೆಯಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಜೊತೆಗೆ ರಾಜ್ಯೋತ್ಸವದ ದಿನಕ್ಕೂ ಅದರ ಪ್ರಕಾರ ಸಂಬಳಸಹಿತ ರಜೆ ಕೊಡಲೇಬೇಕು. ಅಂದು ದುಡಿಸಿಕೊಂಡರೆ ದುಪ್ಪಟ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಮೇಲೆ ಇನ್ನೊಂದು ದಿನ ಸಂಬಳಸಹಿತ ರಜೆ. ನಾಲ್ಕನೇ ಶನಿವಾರದ ರಜೆ ಹಾಗಲ್ಲ, ಅದು ಈ ಕಾರ್ಖಾನೆ ತಾನೇ ಕೊಟ್ಟುಕೊಂಡು ಬಂದ ಸವಲತ್ತು. ಮಾತಾಡಿಕೊಂಡು ಅದಲುಬದಲು ಮಾಡುವುದಿದ್ದರೆ ಇಂಥದ್ದನ್ನೇ ಮಾಡಬೇಕು.

ತಾರೀಕಿನ ಗೊಂದಲ ಒಂದು ಫೋನಿನಲ್ಲಿ ಬಗೆಹರಿಯಬಹುದು. ನೈಟ್ ಶಿಫ್ಟಿನದು ಬಗೆಹರಿಯುವುದಿಲ್ಲ. ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೋಗುವವನಿಗೆ ‘22ರವರೆಗೆ ರಜೆ’ ಎಂದರೆ ಏನು? 22ರ ರಾತ್ರಿ 10ಕ್ಕೆ ಬರಬೇಕೋ ಬೇಡವೋ? ಅವನ ಪಾಳಿಯ ಎರಡು ಗಂಟೆ ಬುಧವಾರಕ್ಕೆ ಸೇರುತ್ತದೆ, ಆರು ಗಂಟೆ ಗುರುವಾರಕ್ಕೆ. ಸೂಪರ್‌ವೈಸರ್ ಒಂದು ಹೇಳುತ್ತಾನೆ, ಪಂಚಿಂಗ್ ಮಷಿನ್ ಇನ್ನೊಂದು ಲೆಕ್ಕ ಹಿಡಿಯುತ್ತದೆ, ಕೊನೆಗೆ ಯಾವನದೋ ಒಂದು ದಿನದ ಸಂಬಳ ಕಟ್ಟಾಗುತ್ತದೆ. ಪಾಳಿ ಶುರುವಾಗುವ ದಿನವನ್ನೇ ಅದರ ದಿನ ಎಂದು ಹಿಡಿಯುವುದು ಸರಳ ದಾರಿ. ಆದರೆ ಆ ನಿಯಮವನ್ನು ಬರೆದು ಸುಮ್ಮನಾಗದೆ, ರಜೆಗೆ ಮುಂಚಿನ ಕೊನೆಯ ಪಾಳಿ ಯಾವುದು, ಆಮೇಲಿನ ಮೊದಲ ಪಾಳಿ ಯಾವುದು ಎಂದು ಗಂಟೆ ಸಮೇತ ಹೇಳಿಬಿಡಬೇಕು.

ಸಂದೇಶದ ‘ಲೀವ್ ಹಾಕ್ಬೇಡಿ’ ಎನ್ನುವುದೂ ಅರ್ಧ ಮಾತು. ಮಂಗಳವಾರಕ್ಕೆಂದು ತಿಂಗಳ ಹಿಂದೆಯೇ ಗಳಿಕೆ ರಜೆ ಹಾಕಿ ರೈಲು ಟಿಕೆಟ್ ಮಾಡಿಸಿದವರು ಇರುತ್ತಾರಲ್ಲ, ಅವರ ರಜೆ ವಾಪಸ್ ಬರುತ್ತದೆಯೇ? 25ಕ್ಕೆ ಮನೆಯಲ್ಲಿ ಗೃಹಪ್ರವೇಶ ಇಟ್ಟುಕೊಂಡವನು ಏನು ಮಾಡಬೇಕು? 25ರ ಕೆಲಸಕ್ಕೆ ಓಟಿ ಉಂಟೇ? ಇವುಗಳಿಗೆ ಉತ್ತರ ಸಿಕ್ಕದೆ ನೋಟೀಸು ಬರೆಯಲು ಕೂರಬಾರದು. ಬರೆಯುವ ಕೆಲಸ ಹತ್ತು ನಿಮಿಷದ್ದು, ಈ ಉತ್ತರಗಳಿಗಾಗಿ ಸಾಹೇಬರ ಹತ್ತಿರ, ಅಕೌಂಟ್ಸಿನವರ ಹತ್ತಿರ ಓಡಾಡುವುದಕ್ಕೆ ಅರ್ಧ ದಿನ ಬೇಕು.

ಅದೆಲ್ಲ ಕೇಳಿಕೊಂಡು ಬಂದ ಮೇಲೆ ಆ ಸಂದೇಶ ಸೂಚನಾ ಫಲಕಕ್ಕೆ ಹೀಗೆ ಏರಬಹುದು:

ಪ್ರಕಟಣೆ
ದಿನಾಂಕ: 9-10-2025, ಗುರುವಾರ
ವಿಷಯ: ದೀಪಾವಳಿ ರಜೆಯಲ್ಲಿ ಬದಲಾವಣೆ

ಅಕ್ಟೋಬರ್ 21, ಮಂಗಳವಾರ ಕಾರ್ಖಾನೆಗೆ ರಜೆ. ಇದರ ಬದಲಾಗಿ ಅಕ್ಟೋಬರ್ 25, ನಾಲ್ಕನೇ ಶನಿವಾರ, ಮೂರೂ ಶಿಫ್ಟ್ ಕೆಲಸ ಮಾಡುತ್ತವೆ. ಸೋಮವಾರ 20 ಮತ್ತು ಬುಧವಾರ 22ರ ಹಬ್ಬದ ರಜೆಗಳಲ್ಲಿ ಬದಲಾವಣೆ ಇಲ್ಲ. ಅಕ್ಟೋಬರ್ 11, ಎರಡನೇ ಶನಿವಾರ ಎಂದಿನಂತೆ ರಜೆ.

ಹಬ್ಬಕ್ಕೆ ಮುಂಚಿನ ಕೊನೆಯ ನೈಟ್ ಶಿಫ್ಟ್ ಶನಿವಾರ 18ರ ರಾತ್ರಿ 10ಕ್ಕೆ ಶುರುವಾಗಿ ಭಾನುವಾರ ಬೆಳಿಗ್ಗೆ 6ಕ್ಕೆ ಮುಗಿಯುತ್ತದೆ. ಗುರುವಾರ 23ರ ಬೆಳಿಗ್ಗೆ 6ಕ್ಕೆ ಫಸ್ಟ್ ಶಿಫ್ಟ್, ಅದೇ ದಿನ ರಾತ್ರಿ 10ಕ್ಕೆ ನೈಟ್ ಶಿಫ್ಟ್ ಆರಂಭ.

25ರ ಕೆಲಸ ಮಾಮೂಲಿ ದಿನದ ಕೆಲಸ, ಓಟಿ ಅಲ್ಲ. 21ಕ್ಕೆ ಮೊದಲೇ ಹಾಕಿದ್ದ ಗಳಿಕೆ ರಜೆಯನ್ನು ಅವರವರ ಖಾತೆಗೆ ವಾಪಸ್ ಸೇರಿಸಲಾಗುವುದು. 25ರಂದು ಬರಲಾಗದವರು 17ರೊಳಗೆ ಎಚ್‌ಆರ್ ವಿಭಾಗಕ್ಕೆ ಬರೆದುಕೊಟ್ಟರೆ ಒಂದು ದಿನ ಗಳಿಕೆ ರಜೆ ಎಂದು ಪರಿಗಣಿಸಲಾಗುವುದು.

ಕಾಂಟ್ರಾಕ್ಟ್ ಕೆಲಸಗಾರರಿಗೂ ಇದು ಅನ್ವಯ. ಸೆಕ್ಯುರಿಟಿಯವರಿಗೆ ಅನ್ವಯಿಸುವುದಿಲ್ಲ. 25ರಂದು ಬಸ್ ಮತ್ತು ಕ್ಯಾಂಟೀನ್ ಇರುತ್ತವೆ. 8ನೇ ತಾರೀಕು ಗ್ರೂಪಿನಲ್ಲಿ ಹಾಕಿದ್ದ ಸಂದೇಶದ ಬದಲು ಈ ಪ್ರಕಟಣೆಯನ್ನೇ ಪಾಲಿಸಬೇಕು.

ಸಹಿ, ಹುದ್ದೆ

ಪ್ರತಿ ತಾರೀಕಿನ ಪಕ್ಕದಲ್ಲೂ ವಾರ ಬರೆದಿರುವುದು ಅಲಂಕಾರಕ್ಕಲ್ಲ. ಟೈಪ್ ಮಾಡುವಾಗ 21 ಹೋಗಿ 22 ಆದರೆ ‘22, ಮಂಗಳವಾರ’ ಎಂದು ಓದಿದವನು ತಕ್ಷಣ ತಡೆದು ಕೇಳುತ್ತಾನೆ. ಬರೀ ಅಂಕಿಯಿದ್ದರೆ ತಪ್ಪು ಗೊತ್ತಾಗುವುದು ಹಬ್ಬದ ದಿನವೇ. ಬದಲಾಗದ 11ನೇ ತಾರೀಕನ್ನು ಹೆಸರಿಸಿದ್ದಕ್ಕೂ ಕಾರಣವಿದೆ: ಹಳೆಯ ಸಂದೇಶ ನಂಬಿಕೊಂಡು ಅಂದು ಗೇಟಿಗೆ ಬರುವವರನ್ನು ತಡೆಯಬೇಕಲ್ಲ. ‘ಸಾಹೇಬ್ರು ಒಪ್ಪಿದಾರೆ’ ಬಿದ್ದುಹೋಯಿತು, ಸಹಿಯೇ ಆ ಕೆಲಸ ಮಾಡುತ್ತದೆ. ಹಬ್ಬದ ಶುಭಾಶಯವನ್ನೂ ಬಿಟ್ಟಿದ್ದೇನೆ. ಅದು ಗ್ರೂಪಿನಲ್ಲೇ ಚೆಂದ.

ಭಾಷೆಯ ಬಗ್ಗೆ ಒಂದು ಮಾತು. ನೋಟೀಸು ಎಂದ ಕೂಡಲೇ ‘ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ’ ಎಂದು ಶುರುಮಾಡುವ ಚಾಳಿ ನಮ್ಮ ಕಚೇರಿಗಳಿಗೆ ಅಂಟಿದೆ. ಶಿಫ್ಟಿಗೆ ತಡವಾಯಿತೆಂದು ಓಡುವವನು ಫಲಕದ ಮುಂದೆ ನಿಲ್ಲುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಅವನ ಕಣ್ಣಿಗೆ ಬೀಳಬೇಕಾದ್ದು 21 ರಜೆ, 25 ಕೆಲಸ. ಒಡಿಶಾ, ಬಿಹಾರದ ಕಡೆಯವರು ಇರುವಲ್ಲಿ ಕೆಳಗೆ ಹಿಂದಿಯಲ್ಲೂ ಹಾಕಬೇಕು, ಶಿಫ್ಟ್ ಶುರುವಿನಲ್ಲಿ ಸೂಪರ್‌ವೈಸರ್ ಒಮ್ಮೆ ಓದಿ ಹೇಳಬೇಕು.

ಅಂಟಿಸುವ ಮೊದಲು ನೈಟ್ ಶಿಫ್ಟಿನ ಒಬ್ಬರ ಕೈಗೆ ಕೊಟ್ಟು “ಹಬ್ಬ ಮುಗಿಸ್ಕೊಂಡು ನೀವು ಮತ್ತೆ ಯಾವಾಗ ಬರ್ತೀರಿ ಅಣ್ಣಾ?” ಎಂದು ಕೇಳಿ. ‘ಅರ್ಥವಾಯ್ತಾ’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. “ಗುರುವಾರ ರಾತ್ರಿ ಹತ್ತಕ್ಕೆ” ಎಂಬ ಉತ್ತರ ಬಂದರೆ ಅಂಟಿಸಬಹುದು.

ಅದರ ಫೋಟೋ ಗ್ರೂಪಿಗೂ ಹೋಗಲಿ, ಒಂದು ಪ್ರತಿ ಸಂಬಳ ಮಾಡುವವರ ಮೇಜಿಗೂ ಹೋಗಲಿ. ಕೆಲಸಗಾರರೂ ಆ ಫೋಟೋವನ್ನು ಅಳಿಸದೆ ಇಟ್ಟುಕೊಳ್ಳಿ. ಅಕ್ಟೋಬರ್ ಸಂಬಳದ ಚೀಟಿ ಬಂದಾಗ 21ಕ್ಕೆ ಗೈರುಹಾಜರಿ ಬಿದ್ದಿದೆಯೇ, ವಾಪಸ್ ಬರಬೇಕಾದ ಗಳಿಕೆ ರಜೆ ಬಂದಿದೆಯೇ ಎಂದು ಒಮ್ಮೆ ತಾಳೆ ನೋಡಿ.