ಗೇರುಬೀಜದ ಡಾಲರ್ ಲೆಕ್ಕ

ಮಂಗಳೂರಿನ ಸುತ್ತಮುತ್ತ ಗೇರುಬೀಜದ ಕಾರ್ಖಾನೆಗಳು ಶುರುವಾಗಿ ನೂರು ವರ್ಷವಾಗುತ್ತ ಬಂತು. ಆದರೆ ಅಲ್ಲಿ ಒಡೆಯುವ ಬೀಜದಲ್ಲಿ ಬಹುಪಾಲು ಈಗ ಕರಾವಳಿಯ ಗುಡ್ಡಗಳದ್ದಲ್ಲ. ಐವರಿ ಕೋಸ್ಟ್, ತಾಂಜಾನಿಯಾದಂಥ ಆಫ್ರಿಕಾದ ದೇಶಗಳಿಂದ ಗೋಣಿಚೀಲಗಳಲ್ಲಿ ಹಡಗು ಹತ್ತಿ ಬಂದದ್ದು. ಅದಕ್ಕೆ ಕೊಡುವ ದುಡ್ಡು ಡಾಲರಿನಲ್ಲಿ. ಬೀಜವನ್ನು ಬೇಯಿಸಿ, ಒಡೆದು, ಸಿಪ್ಪೆ ತೆಗೆದು, ಗಾತ್ರ ನೋಡಿ ವಿಂಗಡಿಸಿದ ಮೇಲೆ ಒಳ್ಳೆಯ ಇಡೀ ತಿರುಳು ಮತ್ತೆ ಹಡಗು ಹತ್ತುತ್ತದೆ. ಅದಕ್ಕೆ ಬರುವ ದುಡ್ಡೂ ಡಾಲರಿನಲ್ಲಿ.

ಕೊಡುವುದೂ ಡಾಲರ್, ಬರುವುದೂ ಡಾಲರ್ ಆದ್ದರಿಂದ ರೂಪಾಯಿ ಬಿದ್ದಾಗ ಖರೀದಿಯಲ್ಲಿ ಕಳೆದುಕೊಂಡದ್ದು ಮಾರಾಟದಲ್ಲಿ ವಾಪಸು ಬರಬೇಕು. ಬ್ಯಾಂಕಿನವರು ಇದನ್ನು ನ್ಯಾಚುರಲ್ ಹೆಡ್ಜ್ ಎನ್ನುತ್ತಾರೆ. ಬೇರೆ ವಿಮೆ ಕೊಳ್ಳದೆಯೇ ವ್ಯಾಪಾರದ ಸ್ವಭಾವದಿಂದಲೇ ಸಿಗುವ ರಕ್ಷಣೆ ಇದು. ರಕ್ಷಣೆ ನಿಜವೇ. ಆದರೆ ವರ್ಷದ ಒಟ್ಟು ಲೆಕ್ಕ ನೋಡಿ ಅದು ಇದೆ ಎಂದು ನಂಬಿದವರು ಪೆಟ್ಟು ತಿನ್ನುತ್ತಾರೆ. ಅದು ಇರುವುದು ತಾರೀಖುಗಳಲ್ಲಿ.

2013ನ್ನು ನೆನಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ಆ ವರ್ಷದ ಮೇ ಮಧ್ಯದಲ್ಲಿ ಒಂದು ಡಾಲರಿಗೆ ಸುಮಾರು 55 ರೂಪಾಯಿ ಇತ್ತು. ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವಿನ ಆಗಿನ ಅಧ್ಯಕ್ಷ ಬೆನ್ ಬರ್ನಾಂಕೆ, ಮಾರುಕಟ್ಟೆಗೆ ಹರಿಸುತ್ತಿದ್ದ ಹಣವನ್ನು ತಗ್ಗಿಸುವ ಸೂಚನೆ ಕೊಟ್ಟರು. ಭಾರತದಿಂದ ಡಾಲರುಗಳು ಹೊರಗೋಡಿದವು. ಆಗಸ್ಟ್ 28ರ ಹೊತ್ತಿಗೆ ದರ 68 ದಾಟಿತ್ತು. ಮೂರೂವರೆ ತಿಂಗಳಲ್ಲಿ ಡಾಲರಿಗೆ 13 ರೂಪಾಯಿ ಏರಿತ್ತು.

ಆ ಹೊತ್ತಿನಲ್ಲಿ ಮಂಗಳೂರಿನ ಬಳಿ ಒಂದು ಮಧ್ಯಮ ಗಾತ್ರದ ಕಾರ್ಖಾನೆ ಇತ್ತು ಎಂದು ಕಲ್ಪಿಸಿಕೊಳ್ಳೋಣ. ಬೆಲೆಗಳನ್ನು ಲೆಕ್ಕ ಸುಲಭವಾಗುವಂತೆ ಇಟ್ಟಿದೆ. ಮಾಲೀಕರು 200 ಟನ್ ಕಚ್ಚಾ ಬೀಜವನ್ನು ಟನ್ನಿಗೆ 1,200 ಡಾಲರಿನಂತೆ ತರಿಸಿದರು, ಒಟ್ಟು 2,40,000 ಡಾಲರ್. ನೂರು ಕಿಲೋ ಬೀಜಕ್ಕೆ 27 ಕಿಲೋ ತಿರುಳು ಬಂದರೆ 54 ಟನ್ ಆಯಿತು. ಅದರಲ್ಲಿ ಇಡೀ ತಿರುಳಿನಿಂದ ಎರಡು ಕಂಟೇನರ್ ತುಂಬಿತು. ಒಂದೊಂದು ಕಂಟೇನರಿನಲ್ಲಿ 50 ಪೌಂಡಿನ 700 ಪೆಟ್ಟಿಗೆ, ಅಂದರೆ 35,000 ಪೌಂಡ್. ಪೌಂಡಿಗೆ 3 ಡಾಲರಿನಂತೆ ಎರಡು ಕಂಟೇನರಿಗೆ 2,10,000 ಡಾಲರ್ ಬರಬೇಕು. ಉಳಿದ ತಿರುಳು, ಒಡೆದ ಚೂರು ಎಲ್ಲ ನಮ್ಮ ದೇಶದ ಮಿಠಾಯಿ ಅಂಗಡಿಗಳಿಗೆ ರೂಪಾಯಿಯಲ್ಲಿ ಹೋಯಿತು.

ಡಾಲರ್ 55ರಿಂದ 68ಕ್ಕೆ ಏರಿದರೆ ಬೀಜದ ಬಿಲ್ಲು 31 ಲಕ್ಷದ 20 ಸಾವಿರ ರೂಪಾಯಿ ಹೆಚ್ಚಾಗುತ್ತದೆ. ತಿರುಳಿನ ದುಡ್ಡು 27 ಲಕ್ಷದ 30 ಸಾವಿರ ಹೆಚ್ಚು ಬರುತ್ತದೆ. ಎರಡನ್ನೂ ವಜಾ ಹಾಕಿದರೆ ನಿಜವಾದ ಹೊರೆ 3 ಲಕ್ಷದ 90 ಸಾವಿರ ಮಾತ್ರ. ಅಂದರೆ ಕಾರ್ಖಾನೆ ಕಾಪಾಡಿಕೊಳ್ಳಬೇಕಾದದ್ದು ಎರಡೂ ಮೊತ್ತಗಳ ನಡುವಿನ 30,000 ಡಾಲರನ್ನು. ಅಷ್ಟಕ್ಕೆ ಮಾತ್ರ ಬ್ಯಾಂಕಿನಲ್ಲಿ ಫಾರ್ವರ್ಡ್ ಮಾಡಿ, ಮುಂದೆ ಕೊಳ್ಳುವ ಡಾಲರಿನ ದರವನ್ನು ಇಂದೇ ನಿಗದಿ ಮಾಡಿಕೊಂಡರೆ ಸಾಕು. ಪೂರ್ತಿ 2,40,000ಕ್ಕೂ ಫಾರ್ವರ್ಡ್ ಮಾಡಿದರೆ ತಿರುಳಿನ ಡಾಲರುಗಳು ಆಸರೆಯಿಲ್ಲದೆ ನಿಲ್ಲುತ್ತವೆ. ಆಗ ಡಾಲರ್ ಕುಸಿದರೆ ನಷ್ಟ ಆ ಕಡೆಯಿಂದ ಬರುತ್ತದೆ.

ಇಷ್ಟೆಲ್ಲ ನಿಜವಾಗಬೇಕಾದರೆ ಎರಡೂ ಡಾಲರುಗಳು ಒಂದೇ ದರದಲ್ಲಿ ಲೆಕ್ಕಕ್ಕೆ ಬರಬೇಕು. ತಾರೀಖು ಕಾಡುವುದು ಅಲ್ಲಿಯೇ. ಮಾಲೀಕರು ಬೀಜವನ್ನು 180 ದಿನದ ಸಾಲದ ಮೇಲೆ ಕೊಂಡಿದ್ದರು, ಬಿಲ್ಲಿಗೆ ಮಾರ್ಚ್ 1ರಂದು ಒಪ್ಪಿಗೆ ಹಾಕಿದ್ದರು ಎನ್ನಿ. ದುಡ್ಡು ಕಟ್ಟುವ ದಿನ ಸರಿಯಾಗಿ ಆಗಸ್ಟ್ 28 ಆಗುತ್ತದೆ. ತಿರುಳಿನ ದುಡ್ಡು ಮೇ ಮಧ್ಯದಲ್ಲೇ ಬಂತು. ಕೂಲಿ, ಕಟ್ಟಿಗೆ, ಕರೆಂಟಿನ ಖರ್ಚಿಗೆಂದು ಅದನ್ನು ಬಂದ ದಿನವೇ 55ರಂತೆ ರೂಪಾಯಿ ಮಾಡಿಸಿಬಿಟ್ಟರೆ ಆಗಸ್ಟಿನಲ್ಲಿ ಅಷ್ಟೇ ಡಾಲರನ್ನು 68 ಕೊಟ್ಟು ಕೊಳ್ಳಬೇಕು. ವಾಪಸು ಬರಬೇಕಿದ್ದ 27 ಲಕ್ಷದ 30 ಸಾವಿರ ಬರಲೇ ಇಲ್ಲ. ವರ್ಷದ ಕೊನೆಗೆ ಲೆಕ್ಕಪತ್ರದಲ್ಲಿ ಆಮದು, ರಫ್ತು ಹೆಚ್ಚುಕಡಿಮೆ ಸಮವಾಗಿಯೇ ಕಾಣುತ್ತವೆ.

ಗೇರುಬೀಜದ ವ್ಯಾಪಾರದಲ್ಲಿ ಈ ಅಂತರ ಆಕಸ್ಮಿಕವೇನಲ್ಲ. ಪಶ್ಚಿಮ ಆಫ್ರಿಕಾದ ಫಸಲು ಬರುವುದು ಫೆಬ್ರುವರಿಯಿಂದ ಜೂನ್ ವರೆಗೆ. ಕಾರ್ಖಾನೆಗಳು ಆ ಕೆಲವೇ ತಿಂಗಳಲ್ಲಿ ವರ್ಷಕ್ಕಾಗುವಷ್ಟು ಬೀಜ ಕೊಂಡು ಗೋದಾಮು ತುಂಬಿಕೊಳ್ಳುತ್ತವೆ. ತಿರುಳು ಮಾತ್ರ ತಿಂಗಳಿಗಿಷ್ಟು ಎಂದು ಹೋಗುತ್ತಿರುತ್ತದೆ. ಡಾಲರ್ ಹೋಗುವುದು ಹೊಳೆಯಂತೆ, ಬರುವುದು ತೊರೆಯಂತೆ. ಆದ್ದರಿಂದ ಅನುಭವಿ ಲೆಕ್ಕಿಗರು ವರ್ಷದ ಮೊತ್ತವನ್ನು ಬದಿಗಿಟ್ಟು ಒಂದು ಹಾಳೆಯಲ್ಲಿ ವಾರವಾರದ ಪಟ್ಟಿ ಬರೆಯುತ್ತಾರೆ. ಯಾವ ವಾರ ಎಷ್ಟು ಡಾಲರ್ ಬರುತ್ತದೆ, ಎಷ್ಟು ಹೋಗುತ್ತದೆ, ಉಳಿಕೆ ಎಷ್ಟು ಎನ್ನುವುದು ಅದರಲ್ಲಿರುತ್ತದೆ. ಉಳಿಕೆಯ ಸಾಲಿನಲ್ಲಿ ದೊಡ್ಡ ಅಂಕಿ ಕಂಡ ವಾರವೇ ಅಪಾಯದ ವಾರ.

ಅಂತರ ಚಿಕ್ಕದಿದ್ದರೆ ಬಂದ ಡಾಲರನ್ನು ಡಾಲರಾಗಿಯೇ ಇಟ್ಟುಕೊಳ್ಳಬಹುದು. ಅದಕ್ಕೆಂದೇ ಬ್ಯಾಂಕುಗಳಲ್ಲಿ ಇ.ಇ.ಎಫ್.ಸಿ. ಖಾತೆ ಇದೆ. ಬಡ್ಡಿ ಸಿಗದ ಚಾಲ್ತಿ ಖಾತೆ ಅದು. ರಫ್ತಿನ ಡಾಲರನ್ನು ಅಲ್ಲಿಗೆ ಹಾಕಿಸಿ, ಆಮದಿನ ಬಿಲ್ಲಿಗೆ ಅಲ್ಲಿಂದಲೇ ಕಟ್ಟಿದರೆ ರೂಪಾಯಿ ನಡುವೆ ಬರುವುದೇ ಇಲ್ಲ. ಮತ್ತೊಂದು ಲಾಭವೂ ಇದೆ. ಬ್ಯಾಂಕು ಡಾಲರ್ ಕೊಳ್ಳುವ ದರವೇ ಬೇರೆ, ಮಾರುವ ದರವೇ ಬೇರೆ. ಎರಡರ ನಡುವೆ 40 ಪೈಸೆ ಇದೆ ಎಂದುಕೊಂಡರೂ 2,10,000 ಡಾಲರನ್ನು ಮಾರಿ ಮತ್ತೆ ಕೊಳ್ಳುವ ಕಾರ್ಖಾನೆ, ದರ ಒಂದಿಷ್ಟೂ ಅಲುಗಾಡದಿದ್ದರೂ, 84,000 ರೂಪಾಯಿ ಸುಮ್ಮನೆ ಕಳೆದುಕೊಳ್ಳುತ್ತದೆ.

ಈ ಖಾತೆಗೂ ಒಂದು ಗಡುವಿದೆ. ಒಂದು ತಿಂಗಳಲ್ಲಿ ಬಂದ ಡಾಲರಿನಲ್ಲಿ ಖರ್ಚಾಗದೆ ಉಳಿದದ್ದನ್ನು ಮುಂದಿನ ತಿಂಗಳ ಕೊನೆಯ ದಿನದೊಳಗೆ ರೂಪಾಯಿ ಮಾಡಬೇಕು ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 2012ರಲ್ಲಿ ತಂದಿತು. ಮುಂದಿನ ನಿಶ್ಚಿತ ಪಾವತಿಗೆ ಬೇಕು ಎಂದು ಬ್ಯಾಂಕಿಗೆ ತೋರಿಸಿದಷ್ಟಕ್ಕೆ ಮಾತ್ರ ವಿನಾಯಿತಿ. ನಮ್ಮ ಕಾರ್ಖಾನೆಯ ಮೇ ತಿಂಗಳ ಡಾಲರಿಗೆ ಜೂನ್ 30 ಕೊನೆಯ ದಿನ. ಆಗಸ್ಟಿನ ಬಿಲ್ಲಿನ ಕಾಗದಪತ್ರವನ್ನು ಬ್ಯಾಂಕಿನ ಮುಂದಿಡದಿದ್ದರೆ ಖಾತೆ ಇದ್ದೂ ಪ್ರಯೋಜನವಿಲ್ಲ.

ಅಂತರ ದೊಡ್ಡದಿದ್ದಾಗ ಬೇರೆ ದಾರಿ ಹಿಡಿಯಬೇಕು. ಬಿಲ್ಲನ್ನು ಆರು ತಿಂಗಳು ಮುಂದೂಡುವ ಬದಲು ಬ್ಯಾಂಕಿನಿಂದ ಡಾಲರಿನಲ್ಲೇ ಸಾಲ ಪಡೆದು ಬೀಜದ ದುಡ್ಡನ್ನು ಮೊದಲೇ ಕಟ್ಟಿಬಿಡುವುದು, ತಿರುಳಿನ ಡಾಲರ್ ಬಂದಾಗ ಅದರಿಂದ ಸಾಲ ತೀರಿಸುವುದು. ರಫ್ತುದಾರರು ಇದನ್ನು ಪಿ.ಸಿ.ಎಫ್.ಸಿ. ಎಂದು ಕರೆಯುತ್ತಾರೆ. ಸಾಮಾನ್ಯವಾಗಿ 180 ದಿನದ ಅವಧಿ. ಇಲ್ಲಿ ಸಾಲ ತೀರುವ ತಾರೀಖನ್ನು ಆಫ್ರಿಕಾದ ವ್ಯಾಪಾರಿ ನಿರ್ಧರಿಸುವುದಿಲ್ಲ, ತಿರುಳಿನ ದುಡ್ಡು ಬರುವ ದಿನವೇ ನಿರ್ಧರಿಸುತ್ತದೆ. ಮಾರ್ಚ್ 1ರಂದು ತೆಗೆದ ಸಾಲ ಮೇ ಮಧ್ಯದಲ್ಲೇ ಬಹುಪಾಲು ತೀರಿದ್ದರೆ ಆಗಸ್ಟಿನ 68 ಈ ಕಾರ್ಖಾನೆಯನ್ನು ಮುಟ್ಟುತ್ತಲೇ ಇರಲಿಲ್ಲ. ಆದರೆ ಹೊರದೇಶದ ಗಿರಾಕಿ ಕೈಕೊಟ್ಟು ರಫ್ತು ನಿಂತರೆ ಇದೇ ಸಾಲ ತಿರುಗಿಬೀಳುತ್ತದೆ. ಆಗ ಅಂದಿನ ದರದಲ್ಲಿ ಡಾಲರ್ ಕೊಂಡು ತೀರಿಸಬೇಕು, ಹೆಚ್ಚುವರಿ ಬಡ್ಡಿಯನ್ನೂ ತೆರಬೇಕು.

ಬೀಜ ಮಾರುವವರೂ ತಿರುಳು ಕೊಳ್ಳುವವರೂ ಒಬ್ಬರೇ ಆಗಿರುವ ಸಂದರ್ಭವೂ ಉಂಟು. ಎರಡೂ ವ್ಯವಹಾರ ಇರುವ ದೊಡ್ಡ ವ್ಯಾಪಾರಿ ಸಂಸ್ಥೆಗಳು ಹೊರದೇಶಗಳಲ್ಲಿವೆ. ಅಂಥ ಕಡೆ 2,40,000 ಕಳಿಸಿ 2,10,000 ತರಿಸಿಕೊಳ್ಳುವ ಬದಲು ವಜಾ ಹಾಕಿ 30,000 ಮಾತ್ರ ಕಳಿಸಬಹುದು. ನೆಟ್ಟಿಂಗ್ ಎಂದರೆ ಇಷ್ಟೇ. ಊರಿನ ಅಂಗಡಿಯವರು ತಮ್ಮತಮ್ಮಲ್ಲಿ ಮಾಡಿಕೊಳ್ಳುವಂತೆ ಬಾಯಿಮಾತಿನಲ್ಲಿ ಇದನ್ನು ಮುಗಿಸುವಂತಿಲ್ಲ. ಮೊದಲು ರಿಸರ್ವ್ ಬ್ಯಾಂಕನ್ನೇ ಕೇಳಬೇಕಿತ್ತು. 2011ರ ನವೆಂಬರಿನಲ್ಲಿ ಅದು ಈ ಅಧಿಕಾರವನ್ನು ಬ್ಯಾಂಕುಗಳಿಗೆ ಬಿಟ್ಟುಕೊಟ್ಟಿತು, 2020ರ ಡಿಸೆಂಬರಿನಲ್ಲಿ ಒಂದೇ ಗುಂಪಿನ ಕಂಪನಿಗಳ ನಡುವಿನ ವಜಾಕ್ಕೂ ದಾರಿ ಮಾಡಿತು. ಸರಕಿನ ಬಾಕಿಯನ್ನು ಸೇವೆಯ ಬಾಕಿಗೆ ಹೊಂದಿಸಲು ಅದು ಬಿಡಲಿಲ್ಲ.

ಇಲ್ಲಿ ಎಡವುವುದು ಕಾಗದದಲ್ಲಿ. ಹೋದ ದುಡ್ಡು 30,000 ಆದರೂ ದಾಖಲೆಯಲ್ಲಿ ಪೂರ್ತಿ ಆಮದು, ಪೂರ್ತಿ ರಫ್ತು ಎರಡೂ ಮುಚ್ಚಬೇಕು. ರಿಸರ್ವ್ ಬ್ಯಾಂಕಿನ ಗಣಕ ವ್ಯವಸ್ಥೆಯಲ್ಲಿ ಪ್ರತಿ ಶಿಪ್ಪಿಂಗ್ ಬಿಲ್ಲಿನ ಎದುರು ದುಡ್ಡು ಬಂತೇ ಎಂಬ ಗುರುತಿರುತ್ತದೆ. ಬ್ಯಾಂಕು ವಜಾ ಹಾಕಿದ್ದನ್ನು ಅಲ್ಲಿ ನಮೂದಿಸದಿದ್ದರೆ ಎರಡು ಕಂಟೇನರಿನ ದುಡ್ಡು ಇನ್ನೂ ಬಂದೇ ಇಲ್ಲ ಎಂದು ಕಾಣುತ್ತದೆ, ಮುಂದಿನ ರಫ್ತಿಗೆ ತೊಡಕಾಗುತ್ತದೆ. ಇನ್ನೊಂದು ಎಚ್ಚರವೂ ಬೇಕು. ಗುಣಮಟ್ಟ ಸರಿಯಿಲ್ಲ ಎಂದು ಆ ಸಂಸ್ಥೆ ತಕರಾರು ತೆಗೆದರೆ ಇಡೀ ವಜಾ ನಿಂತುಹೋಗುತ್ತದೆ. ತಿರುಳಿನ ಡಾಲರನ್ನೇ ನಂಬಿ ಸುಮ್ಮನಿದ್ದ ಕಾರ್ಖಾನೆ ಆಗ ಬೀಜದ ಪೂರ್ತಿ ಬಿಲ್ಲಿಗೆ ಡಾಲರ್ ಹುಡುಕಬೇಕು.

2013ರ ಪೆಟ್ಟಿನ ನಂತರ, 2014ರ ಜನವರಿಯಲ್ಲಿ, ರಿಸರ್ವ್ ಬ್ಯಾಂಕ್ ಸಾಲ ಕೊಡುವ ಬ್ಯಾಂಕುಗಳಿಗೂ ಈ ಲೆಕ್ಕವನ್ನು ಕಡ್ಡಾಯ ಮಾಡಿತು. ಗಿರಾಕಿಯ ರಕ್ಷಣೆಯಿಲ್ಲದ ವಿದೇಶಿ ಹಣದ ಬಾಕಿ ಎಷ್ಟಿದೆ ನೋಡಿ, ಅಪಾಯ ಹೆಚ್ಚಿದ್ದರೆ ಹೆಚ್ಚು ಹಣ ತೆಗೆದಿಡಿ ಎಂದಿತು. ಸಹಜ ರಕ್ಷಣೆಯನ್ನೂ ಒಪ್ಪಿತು, ಆದರೆ ಬರುವ ಮತ್ತು ಹೋಗುವ ದುಡ್ಡು ಒಂದೇ ಲೆಕ್ಕವರ್ಷದೊಳಗೆ ಇರಬೇಕೆಂದಿತು. ಮಾರ್ಚ್ 20ಕ್ಕೆ ಬರುವ ಡಾಲರು ಏಪ್ರಿಲ್ 10ರ ಬಿಲ್ಲಿಗೆ ಈ ಲೆಕ್ಕದಲ್ಲಿ ಆಸರೆಯಾಗುವುದಿಲ್ಲ.

ಇವೆಲ್ಲವೂ ಕಾಯುವುದು ರೂಪಾಯಿಯ ದರದಿಂದ ಮಾತ್ರ, ತಿರುಳಿನ ಬೆಲೆಯಿಂದಲ್ಲ. ಬೀಜ ಕೊಂಡ ಮೇಲೆ ತಿರುಳು ಪೌಂಡಿಗೆ 3 ಡಾಲರಿನಿಂದ 2 ಡಾಲರ್ 60 ಸೆಂಟಿಗೆ ಇಳಿದರೆ ಬರುವುದು 1,82,000 ಡಾಲರ್. ಕೊರತೆ 30,000ದಿಂದ 58,000ಕ್ಕೆ ಜಿಗಿಯುತ್ತದೆ, ಮೊದಲು ಮಾಡಿದ ಫಾರ್ವರ್ಡ್ ಸಾಲದೆ ಹೋಗುತ್ತದೆ. ಹಾಗಾಗಿ ವಾರದ ಹಾಳೆಯನ್ನು ಬೆಲೆ ಬದಲಾದಾಗಲೆಲ್ಲ ಮತ್ತೆ ಬರೆಯಬೇಕಾಗುತ್ತದೆ.

ಈಚಿನ ವರ್ಷಗಳಲ್ಲಿ ಗೇರುಬೀಜದವರ ಹಾಳೆಯನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ನಮ್ಮದೇ ದೇಶದ ಗಿರಾಕಿ. ಹೊರಗೆ ವಿಯೆಟ್ನಾಂ ಮುಂದೆ ಹೋಯಿತು, ಒಳಗೆ ಗೋಡಂಬಿ ತಿನ್ನುವವರು ಹೆಚ್ಚಾದರು. ಬಹಳ ಕಾರ್ಖಾನೆಗಳಿಗೆ ಈಗ ಊರಿನ ಮಾರುಕಟ್ಟೆಯೇ ದೊಡ್ಡದು. ನಮ್ಮ ಕಾರ್ಖಾನೆ ಎರಡರ ಬದಲು ಒಂದೇ ಕಂಟೇನರ್ ಕಳಿಸಿ ಉಳಿದದ್ದನ್ನು ದಿಲ್ಲಿ, ಮುಂಬೈಗೆ ಮಾರಿದರೆ ಬರುವ ಡಾಲರ್ 1,05,000 ಮಾತ್ರ. ಆಸರೆಯಿಲ್ಲದ ಬಾಕಿ 1,35,000. ಡಾಲರಿಗೆ 13 ರೂಪಾಯಿ ಏರಿದರೆ ನಷ್ಟ 17 ಲಕ್ಷದ 55 ಸಾವಿರ. ಊರಿನ ಬೆಲೆಯೂ ಡಾಲರಿನ ಹಿಂದೆಯೇ ಏರುತ್ತದೆ ಎಂದು ವ್ಯಾಪಾರಿಗಳು ಸಮಾಧಾನ ಹೇಳಿಕೊಳ್ಳುವುದುಂಟು. ಒಂದಿಷ್ಟು ಏರಲೂಬಹುದು, ಆದರೆ ಅದಕ್ಕೆ ತಾರೀಖೂ ಇಲ್ಲ, ಕರಾರೂ ಇಲ್ಲ. ಆದ್ದರಿಂದ ಅಪ್ಪನ ಕಾಲದಲ್ಲಿ 30,000ಕ್ಕೆ ಫಾರ್ವರ್ಡ್ ಮಾಡುತ್ತಿದ್ದ ಕಾರ್ಖಾನೆ ಮಗನ ಕಾಲದಲ್ಲಿ, ಅದೇ 200 ಟನ್ ಬೀಜಕ್ಕೆ, 1,35,000ಕ್ಕೆ ಮಾಡಬೇಕಾಗಿದೆ.